ವಿಷಯ: ಬಾಡಿಗೆ ಬಿಲ್ ತಪ್ಪು ಬರುತ್ತಿದ್ದದ್ದು ಎಲ್ಲಿಂದ, ಏನು ಸರಿ ಮಾಡಿದ್ದೇವೆ

ನಮಸ್ಕಾರ ಮೇಡಂ,

ತಿಕೋಟಾ ಕಡೆಯ ರೈತರೊಬ್ಬರು ಬಿಲ್ ಹಿಡಿದುಕೊಂಡು ಕೌಂಟರಿಗೆ ಬಂದು ಜಗಳ ಮಾಡಿದರಲ್ವಾ, ಅವರ ಮಾತು ಸರಿ ಇತ್ತು. ಅವರು ಕೋಲ್ಡ್ ಸ್ಟೋರೇಜಿನಲ್ಲಿ ಒಣದ್ರಾಕ್ಷಿ ಬಾಕ್ಸ್ ಇಟ್ಟದ್ದು ಏಪ್ರಿಲ್ 2ಕ್ಕೆ, ತೆಗೆದದ್ದು ಜೂನ್ 10ಕ್ಕೆ. ಲೆಕ್ಕಕ್ಕೆ 69 ದಿನ. ನಮ್ಮ ಸಾಫ್ಟ್‌ವೇರ್ 126 ದಿನದ ಬಾಡಿಗೆ ಹಾಕಿದೆ. ಯಾಕಂದ್ರೆ ಅದು ಅವರ ಮಾಲು ಫೆಬ್ರವರಿ 4ಕ್ಕೇ ಬಂದಿದೆ ಅಂದುಕೊಂಡಿತ್ತು.

ಬಾಡಿಗೆ ದರದಲ್ಲಿ ತಪ್ಪಿಲ್ಲ, ಗುಣಾಕಾರದಲ್ಲೂ ಇಲ್ಲ. ಮೊದಲು ಅಲ್ಲೇ ಹುಡುಕಿದ್ದು, ಅಲ್ಲಿ ಎಲ್ಲಾ ಸರಿ ಇದೆ. ತಪ್ಪಿದ್ದದ್ದು ಗೇಟಿನ ಎಕ್ಸೆಲ್ ಶೀಟ್ ಸಾಫ್ಟ್‌ವೇರ್ ಒಳಗೆ ಬರುವ ಜಾಗದಲ್ಲಿ. ಹೋದ ವರ್ಷದವರೆಗೆ ಕೌಂಟರಿನಲ್ಲಿ ಕ್ಯಾಲೆಂಡರ್ ಒತ್ತಿ ತಾರೀಖು ಹಾಕುತ್ತಿದ್ದರು, ಈ ಸೀಸನ್‌ನಿಂದ ಗೇಟಿನವರು ಶೀಟ್ ತುಂಬಿ ಅಪ್‌ಲೋಡ್ ಮಾಡುತ್ತಾರೆ. ಶೀಟಿನಲ್ಲಿ 02/04/2025 ಎಂದಿದ್ದರೆ ನಮಗೆಲ್ಲ ಅದು ಏಪ್ರಿಲ್ 2. ಆದರೆ ತಾರೀಖು ಓದಲು ಕೋಡಿನಲ್ಲಿ ಬಳಸಿದ್ದ ರೆಡಿಮೇಡ್ ತುಣುಕು ಅಮೆರಿಕದವರ ಹಾಗೆ ತಿಂಗಳನ್ನು ಮೊದಲು ಓದುತ್ತದೆ.

ಇಷ್ಟೇ ಆಗಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ತಮಾಷೆ ಏನಂದ್ರೆ, 25/03/2025 ಎಂದು ಕೊಟ್ಟರೆ ಅದು "25ನೇ ತಿಂಗಳು ಎಲ್ಲಿದೆ" ಎಂದು ತಾನೇ ತಿರುಗಿಸಿ ಮಾರ್ಚ್ 25 ಎಂದೇ ಓದುತ್ತದೆ, ಯಾರಿಗೂ ಒಂದು ಮಾತೂ ಹೇಳದೆ. ಹಾಗಾಗಿ 13ನೇ ತಾರೀಖಿನಿಂದ ಮುಂದೆ ಬಂದ ಮಾಲಿನ ಬಿಲ್ ಎಲ್ಲಾ ಸರಿ. 12ರ ಒಳಗೆ ಬಂದದ್ದು ಮಾತ್ರ ತಪ್ಪು. ಅದರಲ್ಲೂ ಮಾರ್ಚ್ 3, ಏಪ್ರಿಲ್ 4 ಮತ್ತೆ ಸರಿ, ದಿನ ತಿಂಗಳು ಎರಡೂ ಒಂದೇ ಅಂಕಿ ನೋಡಿ! "ಕೆಲವರದು ಸರಿ, ಕೆಲವರದು ತಪ್ಪು" ಎಂದು ಕೌಂಟರಿನವರು ಹೇಳಿದ್ದು ಇದಕ್ಕೇ.

ಬದಲಿಸಿದ್ದು ಮುಖ್ಯವಾಗಿ ಒಂದೇ ಸಾಲು. ಮೊದಲು ಹೀಗಿತ್ತು:

```python
in_date = parser.parse(row["in_date"])
```

ಈಗ ಹೀಗಿದೆ:

```python
in_date = datetime.strptime(row["in_date"], "%d/%m/%Y")
```

ಮೇಲಿನದು "ನಿನಗೆ ತೋಚಿದಂತೆ ಓದು" ಅನ್ನುತ್ತದೆ. ಕೆಳಗಿನದು "ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ, ಬೇರೆ ಥರ ಇದ್ದರೆ ತಗೋಬೇಡ" ಅನ್ನುತ್ತದೆ. ಇನ್ನು ಮುಂದೆ ಗೇಟಿನವರು 2-4-2025 ಎಂದು ಅಡ್ಡಗೆರೆ ಹಾಕಿ ಬರೆದರೆ ಆ ಸಾಲು ಕೆಂಪಾಗಿ ವಾಪಸ್ ಬರುತ್ತದೆ. ಎರಡು ದಿನ ಗೊಣಗುತ್ತಾರೆ, ಗೊಣಗಲಿ.

ಇನ್ನೊಂದು ವಿಷಯ, ನನಗೆ ಇದೇ ಜಾಸ್ತಿ ಚಿಂತೆ. ಬಿಲ್ ಜಾಸ್ತಿ ಬಂದವರು ಬಂದು ಕೇಳಿದರು. ಕಡಿಮೆ ಬಂದವರು ಸುಮ್ನೆ ದುಡ್ಡು ಕಟ್ಟಿ ಹೋದರು, ಅಲ್ವಾ? ಮಾರ್ಚ್ 4ಕ್ಕೆ 240 ಬಾಕ್ಸ್ ಇಟ್ಟು ಜೂನ್ 4ಕ್ಕೆ ತೆಗೆದ ಒಬ್ಬರಿಗೆ 92 ದಿನದ ಬದಲು 62 ದಿನದ ಬಿಲ್ ಹೋಗಿದೆ. ಅದಕ್ಕಿಂತ ಕೆಟ್ಟದ್ದು ಏಪ್ರಿಲ್ 7ರ ಮಾಲು. ಅದನ್ನು ಸಾಫ್ಟ್‌ವೇರ್ ಜುಲೈ 4 ಎಂದು ಓದಿದೆ, ಮಾಲು ಬರುವ ಮೊದಲೇ ಹೋದ ಹಾಗೆ ಲೆಕ್ಕವಾಗಿ ದಿನ ಮೈನಸ್ ಬಂದಿದೆ, ಮೈನಸ್ ಬಂದರೆ ಸೊನ್ನೆ ಹಿಡಿ ಎಂದು ಹಳೇ ಕೋಡಿನಲ್ಲಿ ಇನ್ನೊಂದು ಸಾಲು ಇದ್ದದ್ದರಿಂದ ಬಾಡಿಗೆಯೇ ಬಿದ್ದಿಲ್ಲ, ಬರೀ ಹಮಾಲಿ ಮಾತ್ರ ಬಿದ್ದಿದೆ. ಆ ಸೊನ್ನೆಯ ಸಾಲನ್ನೂ ತೆಗೆದಿದ್ದೇನೆ. ಈಗ ದಿನ ಮೈನಸ್ ಬಂದರೆ ಬಿಲ್ ಪ್ರಿಂಟ್ ಆಗುವುದಿಲ್ಲ, "ಒಳಬಂದ ತಾರೀಖು ನೋಡಿ" ಎಂದು ಪರದೆ ಮೇಲೆ ಬರುತ್ತದೆ.

ನಿನ್ನೆ ರಾತ್ರಿ ಬ್ಯಾಕಪ್ ತೆಗೆದು ಹೊಸ ಕೋಡ್ ಹಾಕಿದ್ದೇವೆ. ಇನ್ನೂ ಕೋಲ್ಡ್ ಸ್ಟೋರೇಜಿನಲ್ಲೇ ಇರುವ ಮಾಲಿನ ತಾರೀಖುಗಳನ್ನು ಗೇಟಿನ ಮೂಲ ಶೀಟಿನಿಂದ ಮತ್ತೆ ಓದಿಸಿ ಸರಿ ಮಾಡಿದ್ದೂ ಆಯಿತು, ಕೆಲವನ್ನು ಗೇಟ್ ಪಾಸ್ ಪುಸ್ತಕದ ಜೊತೆ ಕೂತು ತಾಳೆ ನೋಡಿದೆ, ಹೊಂದುತ್ತಿವೆ. ಕೌಂಟರಿನವರು ಇವತ್ತಿನಿಂದ ಧೈರ್ಯವಾಗಿ ಬಿಲ್ ಮಾಡಬಹುದು.

ಈಗಾಗಲೇ ಕೊಟ್ಟ ಬಿಲ್‌ಗಳನ್ನು ಮಾತ್ರ ಮುಟ್ಟಿಲ್ಲ. ಜಾಸ್ತಿ ಹೋದವು 3, ಕಡಿಮೆ ಹೋದವು 41. ಪಟ್ಟಿ ಜೊತೆಗೆ ಕಳಿಸಿದ್ದೇನೆ, ಹಳೇ ಮೊತ್ತ, ಸರಿ ಮೊತ್ತ ಎರಡೂ ಇವೆ. ಆ ಮೂವರಿಗೆ ಈ ವಾರವೇ ದುಡ್ಡು ವಾಪಸ್ ಕೊಡುವುದು ಒಳ್ಳೆಯದು. ಉಳಿದ 41 ಮಂದಿಯನ್ನು ಕೇಳಬೇಕೋ, ಮುಂದಿನ ಸೀಸನ್‌ಗೆ ಹಿಡಿಯಬೇಕೋ, ಬಿಟ್ಟೇಬಿಡಬೇಕೋ ನೀವೇ ಹೇಳಬೇಕು. ನೀವು ಹೇಳಿದ ಮೇಲೆ ತಿದ್ದಿದ ಬಿಲ್ ತೆಗೆಯುವುದು ಅರ್ಧ ಗಂಟೆಯ ಕೆಲಸ.

ಇಂತಿ,
ಮಲ್ಲಿಕಾರ್ಜುನ