ಐದು ರೂಪಾಯಿ ಹತ್ತೊಂಬತ್ತು ಪೈಸೆ

ಪಾವಗಡ ಸೀಮೆಯಲ್ಲಿ ಮಾರ್ಚ್ ಬಂತೆಂದರೆ ಹನ್ನೊಂದು ಗಂಟೆಗೇ ಬೀದಿ ಖಾಲಿ. ಅಂಥ ಬಿಸಿಲಲ್ಲಿ ಸರೋಜಮ್ಮ ಟೀಚರ್ ತಾರಸಿ ಮೇಲೆ ಕೊಡೆ ಹಿಡಿದು ನಿಂತಿದ್ದರು. ಇನ್ನೊಂದು ಕೈಯಲ್ಲಿ ಕಾಂಪಾಸ್ ಬಾಕ್ಸಿನ ಕೋನಮಾಪಕ. ಅದಕ್ಕೊಂದು ದಾರ, ದಾರದ ತುದಿಗೆ ಒಂದು ನಟ್ಟು.

"ಸೋಲಾರ್ ಪ್ಯಾನೆಲ್ ಇನ್ನೂ ಸ್ವಲ್ಪ ಕೆಳಗಿಳಿಸಪ್ಪ. 14 ಡಿಗ್ರಿ ಬರಬೇಕು. ನಮ್ಮೂರಿನ ಅಕ್ಷಾಂಶ ಅಷ್ಟೇ ಇರೋದು."

"ನಾವು ಕಣ್ಣಳತೇಲೇ ಕೂರಿಸೋದು ಮೇಡಂ" ಅಂದ ತಿಪ್ಪೇಸ್ವಾಮಿ, ಸ್ಪ್ಯಾನರ್ ಬಾಯಿಗೆ ಕಚ್ಚಿಕೊಂಡೇ.

"ಕಣ್ಣಳತೆಗೆಲ್ಲ ನಾನು ಮಾರ್ಕ್ಸ್ ಕೊಟ್ಟೋಳಲ್ಲ."

ತಿಪ್ಪೇಸ್ವಾಮಿ ಅವರ ವಿದ್ಯಾರ್ಥಿಯಲ್ಲ. ಆಗಿದ್ದಿದ್ದರೆ ಇಬ್ಬರಿಗೂ ಮುಜುಗರ ಆಗ್ತಿತ್ತು. ಪಕ್ಕದೂರಿನವನು, ಐಟಿಐ ಮುಗಿಸಿ ಸೋಲಾರ್ ಪಾರ್ಕಿನಲ್ಲಿ ಮೂರು ವರ್ಷ ಕೇಬಲ್ ಎಳೆದವನು. ಈಗ ಸ್ವಂತವಾಗಿ ವೈರಿಂಗ್ ಮಾಡುತ್ತಾನೆ.

ಸರೋಜಮ್ಮ ಹೈಸ್ಕೂಲಿನಲ್ಲಿ 32 ವರ್ಷ ವಿಜ್ಞಾನ ಹೇಳಿದವರು. ಓಮನ ನಿಯಮವನ್ನು ನಿದ್ದೆಯಲ್ಲಿ ಕೇಳಿದರೂ ಹೇಳಿಯಾರು. ಆದರೆ ಮನೆಯಲ್ಲಿ ಫ್ಯೂಸ್ ಹೋದರೆ ಎದುರುಮನೆ ಹುಡುಗನನ್ನೇ ಕೂಗುತ್ತಿದ್ದರು. ಇದು ಅವರಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಊರಾಚೆ ನಿಂತು ನೋಡಿದರೆ ಕಣ್ಣು ಹರಿಯುವವರೆಗೂ ಪ್ಯಾನೆಲ್ಲು. 13 ಸಾವಿರ ಎಕರೆ, 2050 ಮೆಗಾವ್ಯಾಟ್. ಆ ಕರೆಂಟು ದೊಡ್ಡ ದೊಡ್ಡ ಕಂಬಗಳ ಮೇಲೆ ಎಲ್ಲಿಗೋ ಹೋಗುತ್ತದೆ. ಪಕ್ಕದ ಮನೆಯ ಕರಿಯಮ್ಮ ನಾಲ್ಕು ಎಕರೆ ಅಲ್ಲಿಗೆ ಗುತ್ತಿಗೆ ಕೊಟ್ಟವಳು. ಸಂಜೆ ಕರೆಂಟು ಹೋದಾಗಲೆಲ್ಲ ಜಗುಲಿಯಲ್ಲಿ ಕೂತು, "ನಮ್ ಹೊಲ್ದಾಗೆ ಕರೆಂಟು ಬೆಳೀತೈತೆ, ನಮ್ ಮನ್ಯಾಗೆ ಕತ್ಲು" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಬೆಂಗಳೂರಿನ ಮಗ "ಸುಮ್ನೆ ಒಂದು ಯುಪಿಎಸ್ ಹಾಕಿಸ್ಕೊಳ್ಳಮ್ಮ" ಅಂದಿದ್ದ. ಕರೆಂಟೇ ಇಲ್ಲದಾಗ ಅದನ್ನು ತುಂಬಿಸೋರು ಯಾರು? ಸರೋಜಮ್ಮ ಪೆನ್ಷನ್ ದುಡ್ಡಿನಲ್ಲಿ 28 ಸಾವಿರ ತೆಗೆದರು.

ಪ್ಯಾನೆಲ್ ಕೂತ ಮೇಲೆ ತಿಪ್ಪೇಸ್ವಾಮಿ ಅದರ ಎರಡು ತುದಿಗೆ ಮಲ್ಟಿಮೀಟರ್ ಹಿಡಿದ. 21.6 ವೋಲ್ಟ್.

"12 ವೋಲ್ಟಿನ ಪ್ಯಾನೆಲ್ ಅಂದೆಯಲ್ಲ?"

"12 ವೋಲ್ಟ್ ಬ್ಯಾಟರಿ ತುಂಬೋ ಪ್ಯಾನೆಲ್ ಅಂತ ಅರ್ಥ ಮೇಡಂ. ಬ್ಯಾಟರಿ ತುಂಬಬೇಕಂದ್ರೆ 14ರ ಮೇಲೆ ತಳ್ಳಬೇಕು. ನೀರಿನ ಟ್ಯಾಂಕು ನಲ್ಲಿಗಿಂತ ಎತ್ತರದಲ್ಲಿ ಇರಬೇಕಲ್ವಾ, ಹಂಗೆ."

ಸರೋಜಮ್ಮ ಗಾಜಿನೊಳಗಿನ ನೀಲಿ ಚೌಕಗಳನ್ನು ಎಣಿಸತೊಡಗಿದರು. ನಾಲ್ಕು ಸಾಲು, ಸಾಲಿಗೆ ಒಂಬತ್ತು. 36. ಒಂದೊಂದಕ್ಕೂ 0.6 ವೋಲ್ಟ್. ಬೆರಳ ಮೇಲೆ ಗುಣಿಸಿ, ಮೀಟರಿನ ಕಡೆ ನೋಡಿದರು. 21.6. ಯಾರೂ ಕೇಳದಿದ್ದರೂ "ಸರಿಯಾಗಿದೆ" ಎಂದರು.

ಕೆಳಗೆ ಬ್ಯಾಟರಿ ಇಳಿಸಲು ಇಬ್ಬರು ಬೇಕಾಯಿತು. 100 ಆಂಪಿಯರ್-ಅವರ್‌ನ ಟ್ಯೂಬುಲರ್. ಕಿಟಕಿ ಪಕ್ಕ, ಗಾಳಿ ಆಡುವ ಕಡೆಯೇ ಇಡಬೇಕೆಂದ ತಿಪ್ಪೇಸ್ವಾಮಿ. ಗೋಡೆಗೆ ಟಿಫನ್ ಡಬ್ಬಿಯಷ್ಟು ಚಿಕ್ಕದೊಂದು ಪೆಟ್ಟಿಗೆ ಹೊಡೆದ. ಅದು ಚಾರ್ಜ್ ಕಂಟ್ರೋಲರ್. ಪ್ಯಾನೆಲ್ ವೈರ್ ಹತ್ತಿರ ಇದ್ದರೂ ಅದನ್ನು ಬಿಟ್ಟು ಮೊದಲು ಬ್ಯಾಟರಿ ವೈರನ್ನೇ ಸಿಕ್ಕಿಸಿದ.

"ಇದೇನು, ಶಾಸ್ತ್ರವಾ?"

"ಶಾಸ್ತ್ರಾನೇ ಅಂದ್ಕೊಳಿ. ಬ್ಯಾಟರಿ ಕಂಡ ಮೇಲೇ ಇದಕ್ಕೆ ತಾನು ಎಷ್ಟು ವೋಲ್ಟಿನ ಮನೇಲಿದೀನಿ ಅಂತ ಗೊತ್ತಾಗೋದು. ಬರೀ ಪ್ಯಾನೆಲ್ ಕೊಟ್ರೆ ಕೆಲವು ಸುಟ್ಟೇ ಹೋಗ್ತವೆ. ಬಿಚ್ಚುವಾಗ ಉಲ್ಟಾ, ಮೊದಲು ಪ್ಯಾನೆಲ್."

ಸರೋಜಮ್ಮ ಅದನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆ ಮೇಲೆ ಅಂಟಿಸಿದರು, ಕೆಂಪು ಶಾಯಿಯಲ್ಲಿ. ಬ್ಯಾಟರಿ ತುಂಬಿದರೆ ಒಳಗೆ ಬಿಡುವುದನ್ನು ತಡೆಯುವುದು, ತೀರಾ ಇಳಿದರೆ ಹೊರಗೆ ಬಿಡುವುದನ್ನು ನಿಲ್ಲಿಸುವುದು, ರಾತ್ರಿ ಬ್ಯಾಟರಿಯ ಕರೆಂಟು ವಾಪಸ್ ಪ್ಯಾನೆಲ್ಲಿಗೆ ಹರಿಯದಂತೆ ಕಾಯುವುದು. ಅಷ್ಟೂ ಕೆಲಸ ಈ ಡಬ್ಬಿಯದು. ತಮ್ಮ ಶಾಲೆಯ ಜವಾನ ಗಂಗಪ್ಪನ ನೆನಪಾಯಿತು ಅವರಿಗೆ. ಬೀಗದ ಕೈಯೆಲ್ಲ ಅವನ ಸೊಂಟದಲ್ಲೇ ಇರುತ್ತಿತ್ತು.

ಕೊನೆಗೆ ಇನ್ವರ್ಟರ್, ಬ್ಯಾಟರಿಯ 12 ವೋಲ್ಟನ್ನು ಮನೆಯ 230 ಮಾಡಿಕೊಡುವ ಪೆಟ್ಟಿಗೆ. ಬ್ಯಾಟರಿಯಿಂದ ಅದಕ್ಕೆ ಕಿರುಬೆರಳು ದಪ್ಪದ ವೈರ್, ಬ್ಯಾಟರಿ ಬುಡದಲ್ಲೇ ಒಂದು ಫ್ಯೂಸ್. "ಇಷ್ಟು ದಪ್ಪ ಯಾಕೆ?" ಎಂದು ಬಾಯಿಗೆ ಬಂದದ್ದನ್ನು ಅವರೇ ನುಂಗಿಕೊಂಡರು. ಇನ್ವರ್ಟರ್ 300 ವ್ಯಾಟಿನದು. 230 ವೋಲ್ಟಿನಲ್ಲಾದರೆ 1.3 ಆಂಪಿಯರ್. 12 ವೋಲ್ಟಿನಲ್ಲಾದರೆ 25. ಇದೇ ಲೆಕ್ಕವನ್ನು ಬೋರ್ಡಿನ ಮೇಲೆ ಎಷ್ಟು ಸಲ ಮಾಡಿಸಿಲ್ಲ! ಉತ್ತರ ದಪ್ಪ ವೈರಾಗಿ ಹೀಗೆ ಕಾಲ ಬಳಿ ಸುತ್ತಿಕೊಂಡು ಬಿದ್ದಿರುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಕರೆಂಟು ಹೋದಾಗ ಹುಮ್ಮಸ್ಸಿನಲ್ಲಿ ಚಟ್ನಿಗೆ ಮಿಕ್ಸಿ ಹಾಕಿದರು. ಇನ್ವರ್ಟರ್ ಒಂದು ಸಲ ಕಿರುಚಿ ಸುಮ್ಮನಾಯಿತು. 500 ವ್ಯಾಟಿನ ಮಿಕ್ಸಿ. ಆ ದಿನದ ಚಟ್ನಿ ಒರಳಿನಲ್ಲಾಯಿತು, ಮಿಕ್ಸಿ ಕಥೆ ಅಲ್ಲಿಗೆ ಮುಗಿಯಿತು.

ತಲೆ ಕೆಡಿಸಿದ್ದು ಬೇರೆ. ಮೂರನೇ ದಿನ ನಡುಮಧ್ಯಾಹ್ನ, ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಕಂಟ್ರೋಲರಿನ ಪರದೆಯಲ್ಲಿ 8.1 ಆಂಪಿಯರ್, 13.1 ವೋಲ್ಟ್. ಗುಣಿಸಿದರೆ 106 ವ್ಯಾಟ್. ಪ್ಯಾನೆಲ್ ಬೆನ್ನಿನ ಮೇಲೆ ಬರೆದಿರುವುದು 165. ಅಂಗಡಿಯವನು ಟೋಪಿ ಹಾಕಿದನೇ? ಫೋನ್ ಮಾಡಿದರು.

"ಪಿಡಬ್ಲ್ಯೂಎಂ ಕಂಟ್ರೋಲರ್ ಅಲ್ವಾ ಮೇಡಂ, ಅಷ್ಟೇ ಬರೋದು" ಅಂದ ತಿಪ್ಪೇಸ್ವಾಮಿ. "ಎಂಪಿಪಿಟಿ ಹಾಕಿದ್ರೆ ಜಾಸ್ತಿ ಬರ್ತಿತ್ತು. ಅದಕ್ಕೆ ರೇಟು ಮೂರು ಪಟ್ಟು. ಯಾಕೆ ಜಾಸ್ತಿ ಅಂತ ಮಾತ್ರ ಕೇಳಬೇಡಿ."

ಸರೋಜಮ್ಮ ಫೋನಿಟ್ಟು ಹಳೆಯ ಪಾಠ ಟಿಪ್ಪಣಿ ಪುಸ್ತಕದ ಖಾಲಿ ಹಾಳೆ ತೆರೆದರು. ಪ್ಯಾನೆಲ್ ಬೆನ್ನಿನ ಚೀಟಿಯಿಂದ ಬರೆದುಕೊಂಡದ್ದು ಇತ್ತು: ಪೂರ್ತಿ ಶಕ್ತಿ ಕೊಡುವಾಗ 18.3 ವೋಲ್ಟ್, 9 ಆಂಪಿಯರ್. ಗುಣಿಸಿದರೆ ಹತ್ತಿರಹತ್ತಿರ 165. ಸರಿ. ಈಗ ಸಿಗುತ್ತಿರುವ ಆಂಪಿಯರ್ ಅದಕ್ಕಿಂತ ಅಷ್ಟೇನೂ ಕಮ್ಮಿ ಇಲ್ಲ. ಬಿಸಿಲಿನ ಕಾವಿಗೆ, ಧೂಳಿಗೆ ಅಷ್ಟು ಬಿಡಬೇಕಾದ್ದೇ. ಇಳಿದಿರುವುದು ವೋಲ್ಟ್, 18ರಿಂದ 13ಕ್ಕೆ.

ಪೆನ್ಸಿಲ್ ಕಚ್ಚಿಕೊಂಡು ಕೂತರು. ಹೊಳೆದಾಗ ಒಬ್ಬರೇ ನಕ್ಕರು. ಈ ಅಗ್ಗದ ಡಬ್ಬಿ ಪ್ಯಾನೆಲ್ಲನ್ನು ನೇರ ತಂದು ಬ್ಯಾಟರಿಗೆ ಕಟ್ಟುತ್ತದೆ, ಅಷ್ಟೇ. ಬ್ಯಾಟರಿ 13ರಲ್ಲಿದ್ದರೆ ಪ್ಯಾನೆಲ್ಲೂ 13ಕ್ಕೆ ಇಳಿಯಲೇಬೇಕು. ಕುಂಟನ ಜೊತೆ ನಡೆದರೆ ಅವನ ಹೆಜ್ಜೆಯೇ ನಮ್ಮ ಹೆಜ್ಜೆ. ದುಬಾರಿ ಡಬ್ಬಿ ಪ್ಯಾನೆಲ್ಲನ್ನು 18ರಲ್ಲೇ ಬಿಟ್ಟು, ಮಿಕ್ಕ ವೋಲ್ಟನ್ನು ಆಂಪಿಯರಿಗೆ ಬದಲಿಸಿ ಕೊಡುತ್ತದೆ. ನೂರರ ನೋಟಿಗೆ ಚಿಲ್ಲರೆ ಕೊಟ್ಟ ಹಾಗೆ.

ತಿಪ್ಪೇಸ್ವಾಮಿಗೆ ಮತ್ತೆ ಫೋನ್ ಮಾಡಿ ಹತ್ತು ನಿಮಿಷ ವಿವರಿಸಿದರು. ಆ ಕಡೆ ಮೌನ. ಆಮೇಲೆ, "ಮೇಡಂ, ಗಿರಾಕಿಗಳಿಗೆ ಹೇಳೋಕೆ ಇದನ್ನ ಬರ್ಕೊಂತೀನಿ, ಇನ್ನೊಂದ್ಸಲ ಹೇಳ್ತೀರಾ?"

ಏಪ್ರಿಲ್‌ನಲ್ಲಿ ಇನ್ನೊಬ್ಬ ಕಳ್ಳ ಸಿಕ್ಕಿಬಿದ್ದ. ಮಗನ ಮನೆಗೆಂದು ಬೆಂಗಳೂರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರು. ಮನೆಯಲ್ಲಿ ಒಂದು ದೀಪವೂ ಉರಿದಿಲ್ಲ. ಆದರೂ ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿ 12.4ಕ್ಕೆ ಇಳಿದಿತ್ತು. ತಿಪ್ಪೇಸ್ವಾಮಿ ಕ್ಲ್ಯಾಂಪ್ ಮೀಟರ್ ತಂದು ಇನ್ವರ್ಟರಿನ ದಪ್ಪ ವೈರಿಗೆ ಸಿಕ್ಕಿಸಿದ. ಒಂದೂ ಸ್ವಿಚ್ ಹಾಕಿಲ್ಲ, ಇನ್ವರ್ಟರ್ ಸುಮ್ಮನೆ ಹಸಿರು ದೀಪ ಹಚ್ಚಿಕೊಂಡು ನಿಂತಿದೆ. 0.9 ಆಂಪಿಯರ್.

"11 ವ್ಯಾಟ್" ಎಂದರು ಸರೋಜಮ್ಮ. "ಜುಜುಬಿ."

"24 ಗಂಟೆ ಮೇಡಂ."

264 ವ್ಯಾಟ್-ಅವರ್. ಪ್ಯಾನೆಲ್ ಇಡೀ ದಿನ ದುಡಿದು ತರುವುದು ಹೆಚ್ಚೆಂದರೆ 500. ಅರ್ಧ ಸಂಬಳವನ್ನು ಈ ಮಹರಾಯ ಕೂತಲ್ಲೇ ತಿಂದು ಮುಗಿಸುತ್ತಿದ್ದಾನೆ! ವ್ಯಾಟಿಗೂ ವ್ಯಾಟ್-ಅವರಿಗೂ ವ್ಯತ್ಯಾಸ ಬರೆಯಿರಿ ಎಂದು ಪ್ರತಿವರ್ಷ ಎರಡು ಅಂಕದ ಪ್ರಶ್ನೆ ಕೊಡುತ್ತಿದ್ದರು. ಅರ್ಧ ತರಗತಿ ತಪ್ಪು ಬರೆಯುತ್ತಿತ್ತು. ಈಗ ಆ ಮಕ್ಕಳ ಮೇಲೆ ಸ್ವಲ್ಪ ಕನಿಕರ ಬಂತು.

ಆವತ್ತೇ ನಾಲ್ಕು 12 ವೋಲ್ಟಿನ ಬಲ್ಬು, ಒಂದು ಡಿಸಿ ಫ್ಯಾನು ತರಿಸಿ ನೇರ ಕಂಟ್ರೋಲರಿಗೇ ಕೊಡಿಸಿದರು. ಇನ್ವರ್ಟರು ಟಿವಿ ನೋಡುವಾಗ ಮಾತ್ರ. ಬೇಸಿಗೆ, ಮಳೆಗಾಲ ಎರಡೂ ಚೆನ್ನಾಗೇ ಕಳೆದವು. ಸಂಜೆ ಕರೆಂಟು ಹೋದರೆ ಬೀದಿ ಮಕ್ಕಳು ಪುಸ್ತಕ ತಂದು ಅವರ ಪಡಸಾಲೆಯಲ್ಲಿ ಕೂರುತ್ತಿದ್ದರು. ಕರಿಯಮ್ಮ ದಿನಾ ಮೊಬೈಲ್ ತಂದು ಚಾರ್ಜಿಗೆ ಹಾಕುತ್ತಿದ್ದಳು.

ದೀಪಾವಳಿ ಕಳೆದ ಮೇಲೆ, ಮಧ್ಯಾಹ್ನ ಎರಡೂವರೆ ಹೊತ್ತಿಗೆ ಆಂಪಿಯರ್ ದಿಢೀರನೆ ಬೀಳತೊಡಗಿತು. 6 ಇದ್ದದ್ದು 0.3. ಮೇಲೆ ಹತ್ತಿ ನೋಡಿದರೆ, ಕರಿಯಮ್ಮನ ತಾರಸಿಯ ಕಪ್ಪು ನೀರಿನ ಟ್ಯಾಂಕಿನ ನೆರಳು ಪ್ಯಾನೆಲ್ಲಿನ ಒಂದು ಅಂಚಿಗೆ ತಾಗಿತ್ತು. ಸೂರ್ಯ ದಕ್ಷಿಣಕ್ಕೆ ವಾಲಿದ್ದಾನೆ, ಮಾರ್ಚಿನಲ್ಲಿ ಇಲ್ಲದ ನೆರಳು ಈಗ ಬಂದಿದೆ. ಮುಚ್ಚಿದ್ದು ಎರಡು ಗೇಣು ಅಗಲ, ಅಷ್ಟೇ. ಆದರೆ 36 ಚೌಕಗಳೂ ಒಂದರ ಬಾಲ ಒಂದು ಹಿಡಿದು ನಿಂತವು, ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ ಥರ. ಒಂದು ಅಂಚು ಕತ್ತಲಾದರೆ ಆ ಅರ್ಧವೇ ಬಿದ್ದುಹೋಗುತ್ತದೆ. ಉಳಿದರ್ಧದ ಒಂಬತ್ತು-ಹತ್ತು ವೋಲ್ಟಿಗೆ ಬ್ಯಾಟರಿ ಬಾಗಿಲೇ ತೆಗೆಯುವುದಿಲ್ಲ.

ಟ್ಯಾಂಕು ಸರಿಸಲಾಗದು, ಪೈಪೆಲ್ಲ ಗೋಡೆಯೊಳಗಿದೆ. ತಮ್ಮ ತಾರಸಿಯಲ್ಲಿ ಬೇರೆ ಜಾಗಕ್ಕೆ ಹಾಕಿದರೆ ಬೆಳಿಗ್ಗೆ ಬೇವಿನ ಮರದ ನೆರಳು. ಚಳಿಗಾಲವಿಡೀ ಬಿಸಿಲು ಬೀಳುವ ಒಂದೇ ಮೂಲೆ ಕರಿಯಮ್ಮನ ತಾರಸಿಯ ಮೇಲಿತ್ತು, ಟ್ಯಾಂಕಿನ ಆಚೆ ಪಕ್ಕ. ಸರೋಜಮ್ಮ ಸಂಕೋಚಪಡುತ್ತಲೇ ಕೇಳಿದರು.

ಕರಿಯಮ್ಮ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದಳು. "ಇಡ್ಕಳವ್ವ. ಆದ್ರೆ ನಂದು ಬಿಟ್ಟಿ ಜಾಗ ಅಲ್ಲ. ಪಾರ್ಕ್‌ನೋರು ಮೊದ್ಲು ಬರ್ಕೊಂಡಾಗ ಎಕ್ರೆಗೆ ವರ್ಸಕ್ಕೆ ಇಪ್ಪತ್ತೊಂದು ಸಾವ್ರ ಕೊಟ್ರು. ನೀನು ಅಷ್ಟೇ ಕೊಡು. ಪಕ್ಕದ್ಮನೆ ಅಂತ ಎಚ್ಗೆ ಕೇಳಕಿಲ್ಲ."

ಸರೋಜಮ್ಮ ಒಳಗೆ ಹೋಗಿ ಟಿಪ್ಪಣಿ ಪುಸ್ತಕ ತಂದರು. ಪ್ಯಾನೆಲ್ಲಿನ ಉದ್ದ ಅಗಲ ಗುಣಿಸಿದರೆ ಒಂದು ಚದರ ಮೀಟರ್. ಎಕರೆಗೆ 4047 ಚದರ ಮೀಟರ್. ಕೆಳಗೆ ಗೆರೆ ಎಳೆದು ಭಾಗಿಸಿದರು, ಹಾಳೆಯನ್ನು ಕರಿಯಮ್ಮನ ಮುಂದೆ ಹಿಡಿದರು.

"ವರ್ಷಕ್ಕೆ ಐದು ರೂಪಾಯಿ ಹತ್ತೊಂಬತ್ತು ಪೈಸೆ."

ಕರಿಯಮ್ಮ ಹಾಳೆಯನ್ನು ನೋಡಿದಳು, ಸರೋಜಮ್ಮನನ್ನು ನೋಡಿದಳು, ಆಮೇಲೆ ಊರಾಚೆಯ ಪ್ಯಾನೆಲ್ಲುಗಳ ಕಡೆ ಬಹಳ ಹೊತ್ತು ನೋಡಿದಳು.

"ಇಷ್ಟೇನಾ?" ಅಂದಳು. ಎಲೆ ಮಡಿಚಿ ಬಾಯಿಗಿಟ್ಟುಕೊಂಡು, ಮೊಬೈಲ್ ಚಾಚಿದಳು. "ತಗಾ, ಮೊದ್ಲು ಇದ್ನ ಚಾರ್ಜಿಗಾಕು."