ಹಿರಿಯರೇ, ಒಂದು ಶನಿವಾರ ನಮ್ಮ ಮಕ್ಕಳ ಜೊತೆ ಕೂತು ಮಾತಾಡಿ

ಶಾಲೆಯ ಸುತ್ತಮುತ್ತಲಿನ ಬೀದಿಗಳಲ್ಲಿ ವಾಸವಿರುವ ಎಲ್ಲ ಹಿರಿಯರಿಗೆ ನಮಸ್ಕಾರ.

ಈ ಪತ್ರ ತಂದುಕೊಟ್ಟವರು ನಮ್ಮ ಎಂಟನೇ ತರಗತಿಯ ಮಕ್ಕಳು. ಬೆಲ್ ಒತ್ತಿ ನಿಮ್ಮ ಮಧ್ಯಾಹ್ನದ ನಿದ್ದೆ ಕೆಡಿಸಿದ್ದರೆ ಅವರನ್ನು ಬೈಯಬೇಡಿ, ಕಳಿಸಿದ್ದು ನಾನು.

ವಿಷಯ ಇಷ್ಟೇ. ಅಕ್ಟೋಬರ್ ತಿಂಗಳ ಮೊದಲ ಶನಿವಾರದಿಂದ ಎಂಟು ವಾರ, ಪ್ರತಿ ಶನಿವಾರ ಬೆಳಗ್ಗೆ 10ರಿಂದ 11 ಗಂಟೆಯವರೆಗೆ, ಆರು, ಏಳು ಮತ್ತು ಎಂಟನೇ ತರಗತಿಯ ಮಕ್ಕಳು ನಿಮ್ಮ ಬದುಕಿನ ಅನುಭವಗಳನ್ನು ಕೇಳಲು ಕಾಯುತ್ತಾರೆ. ಅದರಲ್ಲಿ ನಿಮಗೆ ಅನುಕೂಲವಾದ ಒಂದು ಶನಿವಾರ ಬನ್ನಿ. ಮತ್ತೆ ಬರಬೇಕು ಅನ್ನಿಸಿದರೆ ಇನ್ನೊಮ್ಮೆ ಬನ್ನಿ.

ವೇದಿಕೆ ಇರುವುದಿಲ್ಲ, ಮೈಕ್ ಇರುವುದಿಲ್ಲ, ಸ್ವಾಗತ ಭಾಷಣವಂತೂ ಖಂಡಿತ ಇಲ್ಲ. ಒಬ್ಬ ಹಿರಿಯರ ಸುತ್ತ ಎಂಟು ಮಕ್ಕಳು ಕೂರುತ್ತಾರೆ, ಪಕ್ಕದಲ್ಲಿ ಒಬ್ಬ ಶಿಕ್ಷಕರು ಇರುತ್ತಾರೆ. ಮಕ್ಕಳು ಪ್ರಶ್ನೆ ಕೇಳುತ್ತಾರೆ, ನೀವು ನೆನಪಾದದ್ದನ್ನು ಹೇಳುತ್ತೀರಿ. ಅಕ್ಟೋಬರ್ 1 ಹಿರಿಯರ ಅಂತರರಾಷ್ಟ್ರೀಯ ದಿನ. ವಿಶ್ವಸಂಸ್ಥೆ 1990ರಲ್ಲಿ ಗೊತ್ತು ಮಾಡಿದ ದಿನ ಅದು. ಆವತ್ತು ನಿಮ್ಮನ್ನು ಕರೆದು, ಮುಂದಿನ ಸಾಲಿನಲ್ಲಿ ಕೂರಿಸಿ, ಮಕ್ಕಳ ಹಾಡು ಕೇಳಿಸಿ ಕಳಿಸಬಹುದಿತ್ತು. ಸುಲಭದ ಕೆಲಸ. ಆದರೆ ಅದರಲ್ಲಿ ನೀವು ಒಂದು ಮಾತೂ ಆಡದೆ ಮನೆಗೆ ಹೋಗುತ್ತೀರಿ. ನಮಗೆ ಬೇಕಿರುವುದು ನಿಮ್ಮ ಮಾತು.

ಬೀದಿಯಲ್ಲಿ ಸಿಕ್ಕಾಗ ಈ ವಿಷಯ ಎತ್ತಿದರೆ ಹೆಚ್ಚಿನವರು ಹೇಳುವುದು ಒಂದೇ: “ಅಯ್ಯೋ ಮೇಡಂ, ನಾನೇನು ಸಾಧನೆ ಮಾಡಿದ್ದೀನಿ ಹೇಳೋಕೆ?” ದಯವಿಟ್ಟು ಸಾಧನೆಯನ್ನು ಮರೆತುಬಿಡಿ. ಸಾಧಕರ ಪಾಠಗಳು ಪುಸ್ತಕದಲ್ಲಿ ಬೇಕಾದಷ್ಟಿವೆ. ಮೂವತ್ತು ವರ್ಷ ಒಂದೇ ಹೊಲಿಗೆ ಯಂತ್ರದ ಮುಂದೆ ಕೂತವರು, ಬಸ್ ಓಡಿಸಿದವರು, ಅಂಚೆ ಹಂಚಿದವರು, ಸಂಬಳ ಅಂತ ಒಂದು ಕಾಸೂ ಕಾಣದೆ ದೊಡ್ಡ ಸಂಸಾರ ಸಂಭಾಳಿಸಿದವರು, ಇವರ ದಿನ ಹೇಗೆ ಶುರುವಾಗುತ್ತಿತ್ತು ಅಂತ ಯಾವ ಪುಸ್ತಕದಲ್ಲೂ ಇಲ್ಲ. ಓದು ಬರಹ ಬಾರದವರು ಕೂಡ ಧಾರಾಳವಾಗಿ ಬರಬಹುದು. ನಿಜ ಹೇಳಬೇಕೆಂದರೆ, ಎಲ್ಲವನ್ನೂ ನೆನಪಿನಲ್ಲೇ ಇಟ್ಟುಕೊಂಡು ಲೆಕ್ಕ ಮಾಡಿದವರನ್ನು ನೋಡಬೇಕು ಅಂತ ನಮ್ಮ ಗಣಿತದ ಶಿಕ್ಷಕರಿಗೇ ಜಾಸ್ತಿ ಆಸೆ.

ಮಕ್ಕಳು ಪ್ರಶ್ನೆಗಳನ್ನು ಈಗಲೇ ಬರೆದಿಟ್ಟುಕೊಂಡಿದ್ದಾರೆ. ನಾನು ತಿದ್ದಲು ಹೋಗಲಿಲ್ಲ. ಕೆಲವು ಹೀಗಿವೆ:

ಫೋನ್ ಇಲ್ಲದಿದ್ದಾಗ, ಹೇಳಿದ ಜಾಗಕ್ಕೆ ಸ್ನೇಹಿತರು ಬರದೇ ಇದ್ದರೆ ಎಷ್ಟು ಹೊತ್ತು ಕಾಯುತ್ತಿದ್ದಿರಿ? ಮೊದಲ ಸಂಬಳದಲ್ಲಿ ಏನು ಕೊಂಡಿರಿ, ಮನೆಯಲ್ಲಿ ಯಾರಾದರೂ ಬೈದರಾ? ಪರೀಕ್ಷೆಯಲ್ಲಿ ಫೇಲಾಗಿದ್ದೀರಾ? ಆಮೇಲೆ ಏನಾಯಿತು? ತುಂಬಾ ಜಗಳ ಆಡಿ ಮಾತು ಬಿಟ್ಟವರ ಜೊತೆ ಮತ್ತೆ ಮಾತಾಡಿದ್ದು ಹೇಗೆ? ಮುದುಕರಾಗಿದ್ದೇವೆ ಅಂತ ನಿಮಗೆ ಯಾವಾಗ ಗೊತ್ತಾಯಿತು?

ಕೊನೆಯ ಪ್ರಶ್ನೆ ಬರೆದವನು ಆರನೇ ತರಗತಿಯ ಹುಡುಗ. ತೆಗೆದುಹಾಕಬೇಕಾ ಅಂತ ಅವನ ಟೀಚರ್ ನನ್ನನ್ನು ಕೇಳಿದರು. ಬೇಡ, ಇರಲಿ ಅಂದೆ. ನಿಮಗೆ ಇಷ್ಟವಿಲ್ಲದ ಪ್ರಶ್ನೆ ಬಂದರೆ “ಇದಕ್ಕೆ ನಾನು ಉತ್ತರ ಹೇಳಲ್ಲ” ಅಂದುಬಿಡಿ. ಹಾಗೆ ಹೇಳುವ ಹಕ್ಕು ನಿಮಗಿದೆ ಅಂತ ಮಕ್ಕಳಿಗೆ ಮೊದಲೇ ತಿಳಿಸಿದ್ದೇವೆ.

ಇದರಿಂದ ಮಕ್ಕಳಿಗೇನು ಸಿಗುತ್ತದೆ? ಸಮಾಜ ವಿಜ್ಞಾನದ ತರಗತಿಯಲ್ಲಿ 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಅಂತ ಓದುತ್ತಾರೆ, ಇಸವಿ ಬಾಯಿಪಾಠ ಮಾಡುತ್ತಾರೆ, ಅಂಕ ತಗೊಳ್ಳುತ್ತಾರೆ. ಆ ಸುದ್ದಿಯನ್ನು ನೀವು ರೇಡಿಯೋದಲ್ಲಿ ಕೇಳಿದಿರಾ, ಮರುದಿನದ ಪೇಪರ್‌ನಲ್ಲಿ ಓದಿದಿರಾ, ನಿಮ್ಮ ಮನೆಯ ದೊಡ್ಡವರು ನಂಬಿದರಾ, ಆ ರಾತ್ರಿ ಹೊರಗೆ ಬಂದು ಆಕಾಶ ನೋಡಿದಿರಾ, ಇವು ನೀವು ಹೇಳಿದರೆ ಮಾತ್ರ ಗೊತ್ತಾಗುವ ಸಂಗತಿಗಳು. ಸಿಡುಬು ಕೂಡ ಹಾಗೆಯೇ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗ ಭೂಮಿಯಿಂದಲೇ ಹೋಯಿತು ಅಂತ ಘೋಷಿಸಿತು. ನಮ್ಮ ಮಕ್ಕಳಿಗೆ ಅದು ಒಂದು ಸಾಲು. ನಿಮ್ಮಲ್ಲಿ ಎಷ್ಟೋ ಜನರ ತೋಳಿನ ಮೇಲೆ ಆ ಲಸಿಕೆಯ ದುಂಡನೆಯ ಕಲೆ ಇನ್ನೂ ಇದೆ. ಚರ್ಮ ಸ್ವಲ್ಪ ಒಳಗೆ ಹೋಗಿ, ಅಂಚು ಸುಕ್ಕುಗಟ್ಟಿರುತ್ತದೆ ನೋಡಿ, ಅದೇ. ತೋಳು ಸ್ವಲ್ಪ ಮೇಲೆ ಸರಿಸಿ ಅದನ್ನು ತೋರಿಸಿ, ಹಾಕಿಸಿಕೊಂಡ ದಿನ ಎಷ್ಟು ಅತ್ತಿರಿ ಅಂತ ಹೇಳಿದರೆ ಸಾಕು. ನಮ್ಮ ವಿಜ್ಞಾನದ ಶಿಕ್ಷಕಿಯ ಅರ್ಧ ಪಾಠ ಮುಗಿದ ಹಾಗೆ.

ಇನ್ನೊಂದು ಕಾರಣವೂ ಇದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ 20 ಪ್ರಶ್ನೆ ಕೇಳಿದ್ದರು. ಅಜ್ಜ ಅಜ್ಜಿ ಬೆಳೆದದ್ದು ಎಲ್ಲಿ, ಅಪ್ಪ ಅಮ್ಮ ಭೇಟಿಯಾದದ್ದು ಹೇಗೆ, ಇಂಥವು. ಮನೆಯ ಕತೆ ಜಾಸ್ತಿ ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ಭರವಸೆಯೂ ಹೆಚ್ಚಿತ್ತು ಅಂತ ಕಂಡುಬಂತು. ಕತೆ ಕೇಳಿದ್ದಕ್ಕೇ ಭರವಸೆ ಬಂತು ಅಂತ ನಾನು ಹೇಳುವುದಿಲ್ಲ. ಕೂತು ಕತೆ ಹೇಳುವಷ್ಟು ಪುರುಸೊತ್ತು, ಪ್ರೀತಿ ಇರುವ ಮನೆಯಲ್ಲಿ ಮಕ್ಕಳು ಗಟ್ಟಿಯಾಗಿ ಬೆಳೆಯುತ್ತಾರೆ ಅಂತಲೂ ಇರಬಹುದು, ಅಲ್ವಾ? ಆದರೆ ನಮ್ಮ ಶಾಲೆಯ ಎಷ್ಟೋ ಮಕ್ಕಳಿಗೆ ಅಜ್ಜ ಅಜ್ಜಿ ಅಂದರೆ ವಿಡಿಯೋ ಕಾಲ್‌ನಲ್ಲಿ ಎರಡು ನಿಮಿಷ ಕಾಣುವ ಮುಖ. “ಊಟ ಆಯ್ತಾ, ಚೆನ್ನಾಗಿ ಓದು” ಎನ್ನುವಷ್ಟರಲ್ಲಿ ಕಾಲ್ ಮುಗಿದಿರುತ್ತದೆ. ನಿಮ್ಮಲ್ಲೂ ಹಲವರ ಮೊಮ್ಮಕ್ಕಳು ದೂರದಲ್ಲಿದ್ದಾರೆ ಅಂತ ನನಗೆ ಗೊತ್ತು. ನಡುವೆ ಇರುವುದು ಶಾಲೆಯ ಕಾಂಪೌಂಡ್ ಗೋಡೆ ಮಾತ್ರ.

“ನನಗೀಗ ಮರೆವು, ನಿನ್ನೆಯದೇ ನೆನಪಿರಲ್ಲ” ಅನ್ನುವವರು ದಯವಿಟ್ಟು ಹಿಂಜರಿಯಬೇಡಿ. ನಿನ್ನೆಯದು ನಮಗೆ ಬೇಕಾಗಿಲ್ಲ. ವಯಸ್ಸಾದವರಿಗೆ ತಮ್ಮ ಹತ್ತರಿಂದ ಮೂವತ್ತು ವರ್ಷದ ನಡುವಿನ ದಿನಗಳು ಉಳಿದ ಕಾಲಕ್ಕಿಂತ ಹೆಚ್ಚು ನೆನಪಿರುತ್ತವೆ ಎನ್ನುವುದು ನೆನಪಿನ ಬಗ್ಗೆ ಅಧ್ಯಯನ ಮಾಡಿದವರು ಮತ್ತೆ ಮತ್ತೆ ಕಂಡ ವಿಷಯ. ನಮ್ಮ ಮಕ್ಕಳಿಗೆ ಬೇಕಿರುವುದೂ ಆ ದಿನಗಳೇ. ಇಸವಿ ತಪ್ಪಿದರೆ ತಪ್ಪಲಿ. ಒಂದೇ ಘಟನೆಯನ್ನು ಇಬ್ಬರು ಎರಡು ಥರ ಹೇಳಿದರೆ ಇನ್ನೂ ಒಳ್ಳೆಯದು. ಎರಡನ್ನೂ ಬರೆದುಕೊಳ್ಳಲು ಮಕ್ಕಳಿಗೆ ಹೇಳಿದ್ದೇವೆ. ಇತಿಹಾಸ ಬರೆಯುವುದು ಯಾಕೆ ಕಷ್ಟ ಅಂತ ಅವರಿಗೆ ಅಲ್ಲೇ ಗೊತ್ತಾಗುತ್ತದೆ.

ಒಂದು ಸಣ್ಣ ಕೋರಿಕೆ, ತಪ್ಪು ತಿಳಿಯಬೇಡಿ. ಬುದ್ಧಿಮಾತು ಕಡಿಮೆ ಇರಲಿ. ಬುದ್ಧಿ ಹೇಳಲು ನಾವಿದ್ದೇವೆ, ಅದಕ್ಕೇ ಸಂಬಳ ತಗೊಳ್ಳುತ್ತೇವೆ. “ನಮ್ಮ ಕಾಲದಲ್ಲಿ ಮಕ್ಕಳು ಎದುರು ಮಾತಾಡ್ತಿರಲಿಲ್ಲ” ಅಂದರೆ ಮಕ್ಕಳು ತಲೆಯಾಡಿಸಿ ಸುಮ್ಮನಾಗುತ್ತಾರೆ. “ಒಮ್ಮೆ ಅಪ್ಪನಿಗೆ ಎದುರು ಮಾತಾಡಿ ಮನೆ ಬಿಟ್ಟು ಹೊರಟೆ, ಸಂಜೆ ಹಸಿವಾಗಿ ವಾಪಸ್ ಬಂದೆ” ಅಂದು ನೋಡಿ, ಗಂಟೆ ಹೊಡೆದರೂ ಏಳುವುದಿಲ್ಲ. ಸೋತದ್ದು, ಪೆಟ್ಟು ತಿಂದದ್ದು, ಕೆಲಸ ಹೋದದ್ದು, ವ್ಯಾಪಾರ ಮುಳುಗಿದ್ದು, ಹೇಳಬೇಕು ಅನ್ನಿಸಿದರೆ ಎಲ್ಲವನ್ನೂ ಹೇಳಿ. ಸಾವು, ಹಿಂಸೆ, ಯುದ್ಧ, ಇಂಥ ಭಾರವಾದ ನೆನಪುಗಳಿದ್ದರೆ ಮೊದಲೇ ನಮ್ಮ ಶಿಕ್ಷಕರ ಕಿವಿಗೆ ಹಾಕಿ. ಹೇಳಬೇಡಿ ಅನ್ನುವುದಿಲ್ಲ. ಅದಕ್ಕೆ ದೊಡ್ಡ ತರಗತಿಯ ಮಕ್ಕಳನ್ನು ಕೂರಿಸುತ್ತೇವೆ. ಪಕ್ಷದ ಪ್ರಚಾರ, ಧರ್ಮದ ವಾದ, ಮನೆಮದ್ದಿನ ಸಲಹೆ ಮಾತ್ರ ಬೇಡ.

ಬಂದುಹೋಗುವ ವ್ಯವಸ್ಥೆಯ ಬಗ್ಗೆ ಹೇಳುತ್ತೇನೆ. ಎಲ್ಲವೂ ನೆಲಮಹಡಿಯಲ್ಲೇ, ಮೆಟ್ಟಿಲು ಹತ್ತಬೇಕಿಲ್ಲ. ಗಾಲಿಕುರ್ಚಿ ಬರಲು ಗೇಟಿನ ಎಡಗಡೆ ಇಳಿಜಾರು ಇದೆ. ಮಕ್ಕಳ ಬೆಂಚಿನಲ್ಲಿ ನಿಮ್ಮನ್ನು ಕೂರಿಸುವುದಿಲ್ಲ, ಕೈ ಊರಿ ಏಳಲು ಬರುವ ಹಾಗೆ ಕೈಯಿರುವ ಕುರ್ಚಿಗಳನ್ನು ಸ್ಟಾಫ್ ರೂಮಿನಿಂದ ತರುತ್ತೇವೆ. ಶೌಚಾಲಯ ಪಕ್ಕದಲ್ಲೇ ಇದೆ. ಕಿವಿ ಮಂದ ಇರುವವರು ಮೊದಲೇ ತಿಳಿಸಿದರೆ ಮೂಲೆಯ ಕೋಣೆ ಕೊಡುತ್ತೇವೆ, ಅಲ್ಲಿ ಗಲಾಟೆ ಕಡಿಮೆ. ಮಕ್ಕಳು ಒಬ್ಬರಾದ ಮೇಲೆ ಒಬ್ಬರು, ಎದುರಿಗೆ ಕೂತು, ನಿಧಾನವಾಗಿ ಕೇಳುತ್ತಾರೆ. ನಡೆಯಲು ಕಷ್ಟವಾದರೆ ಇಬ್ಬರು ಶಿಕ್ಷಕರು ತಮ್ಮ ಕಾರಿನಲ್ಲಿ ಕರೆದುಕೊಂಡು ಬಂದು ವಾಪಸ್ ಬಿಡಲು ಒಪ್ಪಿದ್ದಾರೆ. ನಡುವೆ ಸುಸ್ತಾದರೆ ಎದ್ದು ಹೊರಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಶಾಲೆಗೆ ಯಾರೇ ಬಂದರೂ ಇರುವ ನಿಯಮ ನಿಮಗೂ ಇದೆ. ಗೇಟಿನ ಹತ್ತಿರ ಗುರುತಿನ ಚೀಟಿ ತೋರಿಸಿ, ಪುಸ್ತಕದಲ್ಲಿ ಹೆಸರು ಬರೆಯಬೇಕು. ಮಾತುಕತೆಯ ಪೂರ್ತಿ ಹೊತ್ತು ಶಿಕ್ಷಕರು ಜೊತೆಗೇ ಇರುತ್ತಾರೆ. ಮಕ್ಕಳ ಸುರಕ್ಷತೆಗಾಗಿ ಮಾಡಿಕೊಂಡ ನಿಯಮ, ನಿಮ್ಮ ಮೇಲಿನ ಅನುಮಾನದಿಂದಲ್ಲ. ನಿಮ್ಮನ್ನು ಕೇಳದೆ ಫೋಟೋ ತೆಗೆಯುವುದಿಲ್ಲ, ಮಾತು ರೆಕಾರ್ಡ್ ಮಾಡುವುದಿಲ್ಲ. ದೇಣಿಗೆಯ ಮಾತು ಎತ್ತುವುದಿಲ್ಲ. ಇದನ್ನು ಬರೆಯಬೇಕಾ ಅಂತ ಯೋಚಿಸಿದೆ, ಬರೆದರೇ ಒಳ್ಳೆಯದು ಅನ್ನಿಸಿತು.

ಬರುವಾಗ ಹಳೆಯ ವಸ್ತು ಏನಾದರೂ ಇದ್ದರೆ ತನ್ನಿ. ಬೆಲೆಬಾಳುವುದೇ ಆಗಬೇಕಿಲ್ಲ. ನೀವು ಕೆಲಸಕ್ಕೆ ಒಯ್ಯುತ್ತಿದ್ದ ಅಳತೆಕೋಲು, ಯಾರೋ ಬರೆದ ಕಾಗದ, ಕೀ ಕೊಟ್ಟರೆ ಓಡುವ ಗಡಿಯಾರ, ಏನಾದರೂ ಸರಿ. ಕೈಗೆ ಒಂದು ವಸ್ತು ಸಿಕ್ಕರೆ ಮಕ್ಕಳ ಸಂಕೋಚ ಬೇಗ ಹೋಗುತ್ತದೆ, ನಿಮ್ಮದೂ ಸಹ. ಕಳೆದ ವರ್ಷ ನಮ್ಮ ಹಳೆಯ ಕಚೇರಿ ಫೋನನ್ನು ಮೇಜಿನ ಮೇಲಿಟ್ಟಾಗ, ಏಳನೇ ತರಗತಿಯ ಹುಡುಗಿಯೊಬ್ಬಳು ಡಯಲ್‌ನ ಅಂಕಿಗಳನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದಳು. ರಂಧ್ರಕ್ಕೆ ಬೆರಳು ಹಾಕಿ ತಿರುಗಿಸಬೇಕು ಅಂತ ಅವಳಿಗೆ ಹೇಗೆ ತಾನೇ ಗೊತ್ತಾಗಬೇಕು?

ಮಾತುಕತೆ ಆದ ಮೇಲೆ ಪ್ರತಿ ಗುಂಪು ನೀವು ಹೇಳಿದ್ದನ್ನು ಎರಡು ಪುಟಗಳಲ್ಲಿ ಬರೆಯುತ್ತದೆ. ಅದನ್ನು ಮೊದಲು ನಿಮಗೇ ತಂದು ತೋರಿಸುತ್ತಾರೆ. ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ, ಬೇಡ ಅನ್ನಿಸಿದ್ದನ್ನು ಹೊಡೆದುಹಾಕಿ. ನೀವು ಒಪ್ಪಿದ ಪ್ರತಿಯನ್ನು ಮಾತ್ರ ಶಾಲೆಯ ಗ್ರಂಥಾಲಯದಲ್ಲಿ ಇಡುತ್ತೇವೆ, ಒಂದು ಪ್ರತಿ ನಿಮ್ಮ ಮನೆಗೆ.

ಬರುವುದಾದರೆ ಕೆಲಸದ ದಿನ ಬೆಳಗ್ಗೆ 10ರಿಂದ ಸಂಜೆ 4ರ ಒಳಗೆ ಶಾಲೆಯ ಕಚೇರಿಗೆ ಬಂದು ಹೇಳಿ, ಅಥವಾ ಈ ಪತ್ರ ತಂದ ಮಕ್ಕಳ ಹತ್ತಿರ “ಇಂಥ ಶನಿವಾರ ಬರ್ತೀನಿ” ಅಂತ ಹೇಳಿ ಕಳಿಸಿ. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಸೆಪ್ಟೆಂಬರ್ 25ರ ಒಳಗೆ ತಿಳಿಸಿದರೆ ಗುಂಪು ಮಾಡಲು ಅನುಕೂಲ. ಒಬ್ಬರೇ ಬರಲು ಸಂಕೋಚವಾದರೆ ಸ್ನೇಹಿತರನ್ನು ಜೊತೆಗೆ ಕರೆತನ್ನಿ. ಆದರೆ ಅವರನ್ನೂ ಒಂದು ಗುಂಪಿನ ಮುಂದೆ ಕೂರಿಸಿಬಿಡುತ್ತೇವೆ, ಮೊದಲೇ ಹೇಳಿಬಿಡಿ!

ಗೌರವದೊಂದಿಗೆ,
ನಿಮ್ಮ ಬಡಾವಣೆಯ ಶಾಲೆಯ ಪ್ರಾಂಶುಪಾಲರು

ವಿ.ಸೂ.: ಓದುವ ಕನ್ನಡಕ ಮತ್ತು ಆ ಹೊತ್ತಿಗೆ ತಗೊಳ್ಳಬೇಕಾದ ಮಾತ್ರೆ ಇದ್ದರೆ ಮರೆಯದೆ ತನ್ನಿ. ಒಂದು ಗಂಟೆ ಅಂತ ನಾವು ಬರೆದಿದ್ದೇವೆ, ಮಕ್ಕಳು ಅಷ್ಟಕ್ಕೇ ಬಿಡುತ್ತಾರೆ ಅನ್ನುವ ಖಾತ್ರಿ ನನಗಿಲ್ಲ.