ಆರು ಜನ ಹೇಳಿದರೆ ಕಡ್ಡಿ ಉದ್ದವಾಗುತ್ತಾ?

ಚಳಿ ಜಾಸ್ತಿ ಆಗಿದೆ, ಬೆಂಕಿ ಹತ್ತಿರ ಬನ್ನಿ. ಮೊದಲು ಆಟ. ಈ ಎರಡು ಕಡ್ಡಿಗಳಲ್ಲಿ ಯಾವುದು ಉದ್ದ? ಒಬ್ಬೊಬ್ಬರಾಗಿ ಜೋರಾಗಿ ಹೇಳಿ.

(ಆರು ಜನ "ಎಡಗಡೆಯದು" ಎನ್ನುತ್ತಾರೆ. ಏಳನೆಯವನು ತಡವರಿಸಿ, ಅದನ್ನೇ ಹೇಳುತ್ತಾನೆ.)

ನಿಜ ಹೇಳು ಮಾರಾಯ, ಬಲಗಡೆಯದು ಉದ್ದ ಕಾಣಿಸಲಿಲ್ವಾ? ನಗಬೇಡಿ. ಆ ಆರು ಜನಕ್ಕೆ ಮೊದಲೇ ನಾನೇ ಹೇಳಿಕೊಟ್ಟಿದ್ದೆ. 1951ರಲ್ಲಿ ಅಮೆರಿಕದಲ್ಲಿ ಸಾಲೊಮನ್ ಆಶ್ ಎಂಬ ಮನಃಶಾಸ್ತ್ರಜ್ಞ ಗೆರೆಗಳನ್ನು ತೋರಿಸಿ ಇಂಥದ್ದೇ ಪರೀಕ್ಷೆ ಮಾಡಿದರು. ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಗುಂಪಿನ ತಪ್ಪಿಗೆ ತಲೆಯಾಡಿಸಿದರು. ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ಹೀಗೆ ತಲೆಯಾಡಿಸುವುದು ತುಂಬಾ ಕಡಿಮೆಯಾಯಿತು.

ನಿಮಗೆ ಬೇಕಿರುವುದು ಆ ಒಬ್ಬ. ಲೈಸೆನ್ಸ್ ಇಲ್ಲದೆ ಮುಳ್ಳಯ್ಯನಗಿರಿ ತಿರುವಲ್ಲಿ ಬೈಕ್ ಓಡಿಸು ಅಂತ ಎಲ್ಲರೂ ಕೆಣಕುವಾಗ, "ಬೇಡ ಬಿಡೋ" ಅನ್ನುವವನು. ಸ್ವಲ್ಪ ಬೋರ್ ಹೊಡೆಸಬಹುದು, ಇರಲಿ. ಈಗ ಪಕ್ಕದವರಿಗೆ ಹೇಳಿ, ನಿಮಗೆ ಅಂಥವರು ಯಾರು?